ತೂಗುವ ಸರಳು, ತಿರುಚುವ ತಂತಿ

ಅಡುಗೆಮನೆಯ ಗೋಡೆಯ ಮೊಳೆಗೆ ನೇತುಹಾಕಿದ ಸೌಟನ್ನು ಒಂದು ಬದಿಗೆ ಸ್ವಲ್ಪ ಎಳೆದು ಬಿಟ್ಟರೆ ಅದು ಅತ್ತಿತ್ತ ತೂಗುತ್ತದೆ. ಪಠ್ಯಪುಸ್ತಕದ ಸರಳ ಲೋಲಕದಲ್ಲಿ ತೂಕವಿಲ್ಲದ ದಾರವೂ ಅದರ ತುದಿಯಲ್ಲಿ ಬಿಂದುವಿನಷ್ಟು ಚಿಕ್ಕ ಗುಂಡೂ ಇರುತ್ತವೆ. ಸೌಟಿನಲ್ಲಿ ಅಂಥ ದಾರವೂ ಇಲ್ಲ, ಗುಂಡೂ ಇಲ್ಲ. ಅದರ ಹಿಡಿಗೂ ತೂಕವಿದೆ, ಬಟ್ಟಲಿಗೂ ತೂಕವಿದೆ. ಹೀಗೆ ಮೈಯೆಲ್ಲ ತೂಕ ಹರಡಿಕೊಂಡ ಗಟ್ಟಿ ವಸ್ತುವೊಂದು ಯಾವುದೋ ಬಿಂದುವಿನಿಂದ ಜೋತು ತೂಗುವುದಕ್ಕೆ ಭೌತ ಲೋಲಕ ಎನ್ನುತ್ತಾರೆ. ಬಾವಿಯ ಹಗ್ಗಕ್ಕೆ ಕಟ್ಟಿದ ಕೊಡ ಇನ್ನೊಂದು ಬಗೆಯದು. ಅದನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಬಿಟ್ಟರೆ ಇದ್ದಲ್ಲೇ ಹಿಂದಕ್ಕೆ ತಿರುಗಿ, ನಿಲ್ಲಬೇಕಾದ ಜಾಗವನ್ನು ದಾಟಿ, ಮತ್ತೆ ಮರಳುತ್ತದೆ. ಹಗ್ಗದ ಬದಲು ತಂತಿಯಿದ್ದರೆ ಅದು ತಿರುಚು ಲೋಲಕ. ಮೊದಲನೆಯದನ್ನು ಹಿಂದಕ್ಕೆಳೆಯುವುದು ಭೂಮಿ. ಎರಡನೆಯದನ್ನು ಹಿಂದಕ್ಕೆ ತಿರುಗಿಸುವುದು ತಂತಿ. ಇಷ್ಟೇ ವ್ಯತ್ಯಾಸದಿಂದ ಎರಡರ ಉಪಯೋಗವೂ ಬೇರೆಯಾಗಿಬಿಡುತ್ತದೆ.

ಎರಡಕ್ಕೂ ಬೇಕಾದ ಮೊದಲ ಅಳತೆ ಜಡತ್ವ ಮಹತ್ವ. ಕಾಲೇಜು ಲ್ಯಾಬುಗಳಲ್ಲಿ ಇದನ್ನು ಮೊಮೆಂಟ್ ಆಫ್ ಇನರ್ಷಿಯಾ ಎಂದೇ ಕರೆಯುವುದು ರೂಢಿ. ಒಂದು ಒನಕೆಯನ್ನು ನಡುವೆ ಹಿಡಿದು ಅತ್ತಿತ್ತ ತಿರುಗಿಸುವುದು ಸುಲಭ, ತುದಿಯಲ್ಲಿ ಹಿಡಿದು ತಿರುಗಿಸುವುದು ಕಷ್ಟ. ಒನಕೆ ಅದೇ, ತೂಕವೂ ಅದೇ. ಬದಲಾದದ್ದು ಆ ತೂಕ ತಿರುಗುವ ಅಕ್ಷದಿಂದ ಎಷ್ಟು ದೂರದಲ್ಲಿ ಹಂಚಿಕೊಂಡಿದೆ ಎಂಬುದು. ವಸ್ತುವಿನ ಒಂದೊಂದು ಚೂರಿನ ದ್ರವ್ಯರಾಶಿಯನ್ನೂ ಅಕ್ಷದಿಂದ ಅದರ ದೂರದ ವರ್ಗದಿಂದ ಗುಣಿಸಿ ಎಲ್ಲವನ್ನೂ ಕೂಡಿದರೆ ಜಡತ್ವ ಮಹತ್ವ ಸಿಗುತ್ತದೆ. ಇದಕ್ಕೆ I ಎಂಬ ಗುರುತು. ಒಂದು ಮೀಟರ್ ಉದ್ದದ, ಎಲ್ಲೆಡೆ ಒಂದೇ ದಪ್ಪವಿರುವ, 1 ಕೆಜಿ ತೂಕದ ಸರಳಿಗೆ ನಡುಬಿಂದುವಿನ ಸುತ್ತ ಇದು 0.083, ತುದಿಯ ಸುತ್ತ 0.333. ದೂರದ ವರ್ಗ ಲೆಕ್ಕಕ್ಕೆ ಬರುವುದರಿಂದ, ಹಿಡಿತ ನಡುವಿನಿಂದ ತುದಿಗೆ ಸರಿದಾಗ ಕಷ್ಟ ನಾಲ್ಕು ಪಟ್ಟಾಗುತ್ತದೆ.

ಎರಡನೆಯ ಅಳತೆ ಹಿಂದಕ್ಕೆಳೆಯುವ ಪಟ್ಟು: ವಸ್ತುವನ್ನು ಒಂದು ರೇಡಿಯನ್ನಿನಷ್ಟು ಸರಿಸಿದರೆ ಅದನ್ನು ಮರಳಿ ತರಲು ಎಷ್ಟು ತಿರುಗುಬಲ ಹುಟ್ಟುತ್ತದೆ ಎಂಬ ಲೆಕ್ಕ. ಇದಕ್ಕೆ ಸದ್ಯಕ್ಕೆ C ಎಂದು ಹೆಸರಿಡಬಹುದು. ಸರಿದ ಕೋನ ಎರಡು ಪಟ್ಟಾದಾಗ ಮರಳಿಸುವ ಬಲವೂ ಎರಡು ಪಟ್ಟಾಗುವಂತಿದ್ದರೆ, ಒಮ್ಮೆ ಹೋಗಿ ಬರಲು ತಗಲುವ ಅವಧಿ ಹೀಗಿರುತ್ತದೆ:

T = 2π√(I/C)

ಜಡತೆ ಹೆಚ್ಚಿದರೆ ತೂಗಾಟ ನಿಧಾನ, ಪಟ್ಟು ಹೆಚ್ಚಿದರೆ ಚುರುಕು. ಇನ್ನು ಉಳಿದಿರುವುದು ಒಂದೊಂದು ಲೋಲಕದಲ್ಲೂ C ಏನು ಎಂದು ಕಂಡುಕೊಳ್ಳುವುದು.

ಭೌತ ಲೋಲಕದಲ್ಲಿ ಭೂಮಿಯ ಸೆಳೆತ ವಸ್ತುವಿನ ಗುರುತ್ವ ಕೇಂದ್ರದಲ್ಲಿ ಕೆಲಸ ಮಾಡುತ್ತದೆ. ಜೋತ ಬಿಂದುವಿನಿಂದ ಗುರುತ್ವ ಕೇಂದ್ರಕ್ಕೆ d ದೂರವಿದ್ದು, ವಸ್ತು θ ಕೋನದಷ್ಟು ವಾಲಿದ್ದರೆ ಮರಳಿಸುವ ತಿರುಗುಬಲ mgd sinθ. ಕೋನ ಚಿಕ್ಕದಾಗಿದ್ದಾಗ sinθ ಮತ್ತು θ ಬಹುಮಟ್ಟಿಗೆ ಒಂದೇ. ಆದ್ದರಿಂದ C ಎಂದರೆ mgd, ಮತ್ತು ಅವಧಿ T = 2π√(I/mgd). ಇಲ್ಲಿ ದೊಡ್ಡ ಕೋನಕ್ಕೆ ದಂಡ ತೆರಬೇಕು. ಎರಡೂ ಬದಿಗೆ 5 ಡಿಗ್ರಿ ತೂಗಿದರೆ ಅವಧಿ ಶೇಕಡಾ 0.05ರಷ್ಟು ಮಾತ್ರ ಹಿಗ್ಗುತ್ತದೆ. 20 ಡಿಗ್ರಿಗೆ ಅದು ಶೇಕಡಾ 0.76ಕ್ಕೆ ಏರುತ್ತದೆ. ಸರಳು ಜೋರಾಗಿ ತೂಗಿದರೆ ಎಣಿಸಲು ಸುಲಭವೆಂದು ದೂರಕ್ಕೆ ಎಳೆದು ಬಿಡುವವರಿಗೆ g ಯಾಕೆ ಕಡಿಮೆ ಬಂತು ಎಂದು ತಿಳಿಯದೇ ಹೋಗುವುದು ಇದರಿಂದಲೇ.

ಸೂತ್ರದ ಒಳಗೆ ಇನ್ನೊಂದು ಸಂಗತಿ ಅಡಗಿದೆ. ಮೇಲಿನ I ದ್ರವ್ಯರಾಶಿಯಿಂದಲೇ ಆದದ್ದು, ಕೆಳಗೆ m ಕೂಡ ಇದೆ. ಗುರುತ್ವ ಕೇಂದ್ರದ ಸುತ್ತ ಜಡತ್ವ ಮಹತ್ವವನ್ನು mk² ಎಂದು ಬರೆಯುವುದು ವಾಡಿಕೆ. k ಎಂದರೆ ಇಡೀ ವಸ್ತುವಿನ ತೂಕವನ್ನು ಒಂದೇ ದೂರದಲ್ಲಿ ಇಟ್ಟಂತೆ ಭಾವಿಸಿದಾಗ ಬರುವ ದೂರ. ಅಕ್ಷ ಗುರುತ್ವ ಕೇಂದ್ರದಿಂದ d ದೂರ ಸರಿದರೆ, ಸಮಾಂತರ ಅಕ್ಷಗಳ ನಿಯಮದಂತೆ ಇದಕ್ಕೆ md² ಸೇರುತ್ತದೆ. ಆಗ ಮೇಲೂ ಕೆಳಗೂ ಇರುವ m ಹೊಡೆದುಹೋಗಿ ಉಳಿಯುವುದು ಇಷ್ಟು:

T = 2π√((k² + d²)/(g d))

ಸರಳು ಕಬ್ಬಿಣದ್ದೋ ಹಿತ್ತಾಳೆಯದ್ದೋ ಮರದ್ದೋ ಎಂಬುದು ಅವಧಿಗೆ ಬೇಕಿಲ್ಲ. ಆಕಾರ ಮತ್ತು ಜೋತ ಜಾಗ ಇವೆರಡೇ ಸಾಕು. ವಸ್ತುವಿನ ತೂಕ ಗೊತ್ತಿಲ್ಲದೆಯೂ g ಅಳೆಯಬಹುದಾದದ್ದು ಈ ಕಾರಣದಿಂದ.

ಪದವಿ ತರಗತಿಗಳ ಲ್ಯಾಬಿನಲ್ಲಿ ಇದಕ್ಕೆಂದು ಒಂದು ಮೀಟರ್ ಉದ್ದದ ಲೋಹದ ಪಟ್ಟಿಯೊಂದಿರುತ್ತದೆ. ಅದರ ಉದ್ದಕ್ಕೂ ಸಮ ಅಂತರದಲ್ಲಿ ತೂತುಗಳಿರುತ್ತವೆ. ಗೋಡೆಗೆ ಬಿಗಿದ ನೈಫ್ ಎಡ್ಜ್ ಮೇಲೆ, ಎಂದರೆ ಕತ್ತಿಯಲಗಿನಂಥ ಆಧಾರದ ಮೇಲೆ, ಒಂದೊಂದು ತೂತನ್ನೂ ಸರದಿಯಂತೆ ಇಟ್ಟು ಪಟ್ಟಿಯನ್ನು ತೂಗಬಿಡುತ್ತಾರೆ. ಒಂದು ಮೀಟರ್ ಪಟ್ಟಿಗೆ k² ಎಂದರೆ ಉದ್ದದ ವರ್ಗದ ಹನ್ನೆರಡನೇ ಒಂದು ಭಾಗ, 0.0833. ಅದರಂತೆ k ಸುಮಾರು 0.289 ಮೀಟರ್. ಕರ್ನಾಟಕದಲ್ಲಿ g ಸುಮಾರು 9.78 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಪಟ್ಟಿ ತುದಿಯಿಂದ ಜೋತಾಗ ಅವಧಿ 1.64 ಸೆಕೆಂಡ್. ತೂತು ನಡುವಿನತ್ತ ಸರಿದಂತೆ ಅವಧಿ ಮೊದಲು ಇಳಿಯುತ್ತದೆ. ನಡುವಿನಿಂದ 40 ಸೆಂಟಿಮೀಟರ್ ದೂರದಲ್ಲಿ 1.57 ಸೆಕೆಂಡ್, 29 ಸೆಂಟಿಮೀಟರ್ ದೂರದಲ್ಲಿ 1.53 ಸೆಕೆಂಡ್. ಅಲ್ಲಿಂದಾಚೆ ಅದು ತಿರುಗಿ ಏರತೊಡಗುತ್ತದೆ. 10 ಸೆಂಟಿಮೀಟರಿಗೆ 1.94, 5 ಸೆಂಟಿಮೀಟರಿಗೆ 2.63, 2 ಸೆಂಟಿಮೀಟರಿಗೆ 4 ಸೆಕೆಂಡಿಗಿಂತ ಹೆಚ್ಚು. ಸರಿಯಾಗಿ ನಡುವೆ ಜೋತರೆ ಪಟ್ಟಿ ತೂಗುವುದೇ ಇಲ್ಲ, ಇಟ್ಟಂತೆ ನಿಲ್ಲುತ್ತದೆ. ಅಲ್ಲಿ ಜಡತೆ ಇದ್ದೇ ಇದೆ, ಹಿಂದಕ್ಕೆಳೆಯುವ ಪಟ್ಟು ಮಾತ್ರ ಸೊನ್ನೆ.

ಅವಧಿ ಅತ್ಯಂತ ಕಡಿಮೆಯಾಗುವ ಜಾಗ d = k ಆದಾಗ ಬರುತ್ತದೆ. ಅಲ್ಲಿ ಏರಿಳಿತದ ರೇಖೆ ಚಪ್ಪಟೆಯಾಗಿರುವುದರಿಂದ ತೂತಿನ ಜಾಗ ಒಂದೆರಡು ಮಿಲಿಮೀಟರ್ ತಪ್ಪಿದರೂ ಅವಧಿ ಕದಲುವುದಿಲ್ಲ. ಗಡಿಯಾರಕ್ಕೆ ಇದು ವರ, k ಅಳೆಯುವವನಿಗೆ ತಲೆನೋವು. ತಳ ಚಪ್ಪಟೆಯಾಗಿರುವಾಗ ಅತಿ ತಗ್ಗಿನ ಬಿಂದು ಯಾವುದೆಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಅದಕ್ಕೆ ರೇಖೆಯ ತಳ ಹುಡುಕುವುದಕ್ಕಿಂತ ಬೇರೆ ದಾರಿ ಮೇಲು. ಒಂದೊಂದು ತೂತಿಗೂ T²d ಲೆಕ್ಕ ಹಾಕಿ ಅದನ್ನು d² ಎದುರು ಗ್ರಾಫಿನಲ್ಲಿ ಗುರುತಿಸಿದರೆ ಬಿಂದುಗಳು ನೇರ ಗೆರೆಯಲ್ಲಿ ಕೂರುತ್ತವೆ. ಗೆರೆಯ ಓರೆ 4π²/g. ಗೆರೆ ನಿಲುವಕ್ಷವನ್ನು ಕಡಿಯುವ ಎತ್ತರವನ್ನು ಆ ಓರೆಯಿಂದ ಭಾಗಿಸಿದರೆ k². ಜಡತ್ವ ಮಹತ್ವವೂ g ಕೂಡ ಒಂದೇ ಗೆರೆಯಿಂದ ದೊರೆಯುತ್ತವೆ. ಯಾವುದಾದರೂ ತೂತಿನ ಎಣಿಕೆ ತಪ್ಪಿದ್ದರೆ ಆ ಬಿಂದು ಗೆರೆಯಿಂದ ಹೊರಗೆ ಬಿದ್ದು ತಾನೇ ಸಿಕ್ಕಿಬೀಳುತ್ತದೆ.

ತಪ್ಪುಗಳಲ್ಲಿ ಹೆಚ್ಚಿನವು ಎಣಿಕೆಯವೇ. ಪಟ್ಟಿ ಬಿಟ್ಟ ಕೂಡಲೇ ಒಂದು ಎಂದು ಎಣಿಸಿದರೆ ಇಪ್ಪತ್ತು ಸುತ್ತಿನ ಹೆಸರಿನಲ್ಲಿ ಹತ್ತೊಂಬತ್ತೇ ಅಳತೆಯಾಗುತ್ತವೆ. ಅವಧಿ ಶೇಕಡಾ 5 ಕಡಿಮೆ ಬಂದು, g ಶೇಕಡಾ 10ಕ್ಕಿಂತ ಹೆಚ್ಚು ಉಬ್ಬುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗಬೇಕು. ಸ್ಟಾಪ್‌ವಾಚ್ ಒತ್ತಬೇಕಾದದ್ದು ಪಟ್ಟಿ ತುದಿಯಲ್ಲಿ ನಿಂತಾಗ ಅಲ್ಲ, ನಡುಗೆರೆಯನ್ನು ದಾಟುವಾಗ. ತುದಿಯಲ್ಲಿ ಅದು ನಿಂತಂತೆ ಕಾಣುವ ಹೊತ್ತು ಉದ್ದ, ಯಾವ ಕ್ಷಣ ತಿರುಗಿತೆಂದು ಹೇಳಲಾಗದು. ನಡುವೆ ವೇಗ ಅತಿ ಹೆಚ್ಚಿರುವುದರಿಂದ ದಾಟಿದ ಕ್ಷಣ ಚೊಕ್ಕವಾಗಿ ಸಿಗುತ್ತದೆ. ಇನ್ನೊಂದು ಬಗೆಯ ತಪ್ಪು ಆಧಾರದ್ದು. ಗೋಡೆಗೆ ಬಿಗಿದ ಕಟ್ಟು ಸಡಿಲವಾಗಿದ್ದರೆ ಅದೂ ಪಟ್ಟಿಯ ಜೊತೆ ತೊನೆಯುತ್ತದೆ, ಅವಧಿ ತುಸು ಹಿಗ್ಗುತ್ತದೆ. ಪಟ್ಟಿಯನ್ನು ತಲೆಕೆಳಗು ಮಾಡಿ ಆಚೆ ಬದಿಯ ತೂತುಗಳಲ್ಲೂ ಅಳೆದಾಗ, ನಡುವಿನಿಂದ ಸಮ ದೂರದ ಎರಡು ತೂತುಗಳಿಗೆ ಬೇರೆ ಬೇರೆ ಅವಧಿ ಬಂದರೆ, ನಡುಬಿಂದುವೆಂದು ಗುರುತಿಸಿದ್ದು ನಿಜವಾದ ಗುರುತ್ವ ಕೇಂದ್ರವಲ್ಲ ಎಂದು ಅರ್ಥ.

ಮೇಲಿನ ಅಂಕಿಗಳಲ್ಲಿ ಒಂದು ಜೋಡಿ ಇದೆ. ತುದಿಯ ತೂತಿನಲ್ಲಿ, ಎಂದರೆ d 50 ಸೆಂಟಿಮೀಟರ್ ಆದಾಗ, ಬಂದ 1.64 ಸೆಕೆಂಡೇ ನಡುವಿನ ಆಚೆ ಬದಿಗೆ 16.7 ಸೆಂಟಿಮೀಟರ್ ದೂರದಲ್ಲೂ ಬರುತ್ತದೆ. ಈ ಎರಡು ದೂರಗಳ ಗುಣಲಬ್ಧ k², ಮೊತ್ತ 66.7 ಸೆಂಟಿಮೀಟರ್. ಅಷ್ಟು ಉದ್ದದ ದಾರವಿರುವ ಸರಳ ಲೋಲಕದ ಅವಧಿಯೂ 1.64 ಸೆಕೆಂಡೇ. ಜೋತ ಬಿಂದುವನ್ನೂ ಅದರ ಜೋಡಿ ಬಿಂದುವನ್ನೂ ಅದಲುಬದಲು ಮಾಡಿದರೆ ಅವಧಿ ಬದಲಾಗುವುದಿಲ್ಲವೆಂಬುದನ್ನು ಹಾಲೆಂಡಿನ ಕ್ರಿಸ್ಟಿಯಾನ್ ಹೈಗನ್ಸ್ 1673ರಲ್ಲಿ ಪ್ರಕಟವಾದ ತನ್ನ ಲೋಲಕ ಗಡಿಯಾರದ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದ. ಅದನ್ನು ಅಳತೆಯ ಸಾಧನವಾಗಿ ಮಾಡಿದವನು ಇಂಗ್ಲೆಂಡಿನ ಹೆನ್ರಿ ಕೇಟರ್, 1817ರಲ್ಲಿ. ಒಂದು ಸರಳಿಗೆ ಎರಡು ಅಲಗುಗಳನ್ನು ಎದುರುಬದುರಾಗಿ ಕೂರಿಸಿ, ಸರಿಸಬಹುದಾದ ಚಿಕ್ಕ ತೂಕಗಳಿಂದ ಎರಡೂ ಕಡೆಯ ಅವಧಿ ಒಂದೇ ಆಗುವಂತೆ ಹೊಂದಿಸಿದ. ಆಮೇಲೆ ಅಲಗುಗಳ ನಡುವಿನ ಅಂತರ ಅಳೆದರೆ ಸಾಕು. g = 4π²L/T², ಜಡತ್ವ ಮಹತ್ವ ಲೆಕ್ಕಕ್ಕೇ ಬರುವುದಿಲ್ಲ, ಗುರುತ್ವ ಕೇಂದ್ರ ಎಲ್ಲಿದೆಯೆಂದೂ ಹುಡುಕಬೇಕಿಲ್ಲ. ಕೇಟರ್ ಅದಕ್ಕೂ ಮೊದಲು ದಕ್ಷಿಣ ಭಾರತದಲ್ಲಿ ಸೈನ್ಯದ ಅಧಿಕಾರಿಯಾಗಿದ್ದು ವಿಲಿಯಂ ಲ್ಯಾಂಬ್ಟನ್ನನ ಭೂಮಾಪನದಲ್ಲಿ ದುಡಿದಿದ್ದ. ಮೈಸೂರು ಸೀಮೆಯ ಒಂದು ಹುಲ್ಲಿನ ಮುಳ್ಳುಬಾಲ ಗಾಳಿಯ ತೇವಕ್ಕೆ ತಕ್ಕಂತೆ ತಿರುಚಿಕೊಳ್ಳುವುದನ್ನು ಕಂಡು ಅದರಿಂದ ತೇವ ಅಳೆಯುವ ಉಪಕರಣ ಮಾಡಿದವನೂ ಅವನೇ.

ತಿರುಚು ಲೋಲಕಕ್ಕೆ ಬಂದರೆ ಭೂಮಿ ಆಟದಿಂದ ಹೊರಗುಳಿಯುತ್ತದೆ. ತಟ್ಟೆಯೊಂದು ತಂತಿಯಿಂದ ಜೋತು ಮಟ್ಟಸವಾಗಿ ತಿರುಗುವಾಗ ಅದರ ಗುರುತ್ವ ಕೇಂದ್ರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹಿಂದಕ್ಕೆಳೆಯುವ ಪಟ್ಟು ಪೂರಾ ತಂತಿಯದು. ಅದು ತಂತಿಯ ಲೋಹದ ಬಿಗಿತ, ತ್ರಿಜ್ಯ ಮತ್ತು ಉದ್ದಗಳಿಂದ ನಿರ್ಧಾರವಾಗುತ್ತದೆ: C = πηr⁴/2l. ಇಲ್ಲಿ η ಎಂಬುದು ಲೋಹದ ರಿಜಿಡಿಟಿ ಮಾಡ್ಯುಲಸ್, ಉಕ್ಕಿಗೆ ಸುಮಾರು 8 × 10¹⁰. ತಂತಿ ಅರ್ಧ ಮೀಟರ್ ಉದ್ದ, 1 ಮಿಲಿಮೀಟರ್ ದಪ್ಪ ಇದ್ದರೆ C ಸುಮಾರು 0.0157. ಅದಕ್ಕೆ 2 ಕೆಜಿ ತೂಕದ, 10 ಸೆಂಟಿಮೀಟರ್ ತ್ರಿಜ್ಯದ ದುಂಡು ತಟ್ಟೆ ಕಟ್ಟಿದರೆ I ಎಂದರೆ ½MR², 0.01. ಅವಧಿ ಸರಿಸುಮಾರು 5 ಸೆಕೆಂಡ್. ಈ ಸೂತ್ರದಲ್ಲಿ m ಹೊಡೆದುಹೋಗುವುದಿಲ್ಲ. ಅದೇ ಅಳತೆಯ ತಟ್ಟೆಯನ್ನು ಎರಡು ಪಟ್ಟು ಭಾರದ ಲೋಹದಿಂದ ಮಾಡಿದರೆ ಅವಧಿ 7 ಸೆಕೆಂಡಿಗೆ ಏರುತ್ತದೆ. ಹಾಗಾಗಿ ಭೌತ ಲೋಲಕ ಭೂಮಿಯ ಸೆಳೆತವನ್ನು ಅಳೆಯಲು ಒದಗಿದರೆ, ತಿರುಚು ಲೋಲಕ ವಸ್ತುವಿನ ಜಡತ್ವ ಮಹತ್ವವನ್ನೇ ಅಳೆಯಲು ಒದಗುತ್ತದೆ. ಇಲ್ಲಿ ಚಿಕ್ಕ ಕೋನದ ಕಟ್ಟಳೆಯೂ ಇಲ್ಲ. ತಂತಿ ತನ್ನ ಸ್ಥಿತಿಸ್ಥಾಪಕತೆಯ ಮಿತಿಯೊಳಗೆ ಇರುವವರೆಗೆ ಕಾಲು ಸುತ್ತು ತಿರುಗಿಸಿ ಬಿಟ್ಟರೂ ಅವಧಿ ಅದೇ.

ತೊಡಕಿರುವುದು r⁴ ಎಂಬಲ್ಲಿ. ತಂತಿಯ ದಪ್ಪವನ್ನು ಸ್ಕ್ರೂಗೇಜಿನಲ್ಲಿ ಅಳೆಯುವಾಗ ಮಿಲಿಮೀಟರಿನ ನೂರನೇ ಒಂದು ಭಾಗ ತಪ್ಪಿದರೆ 1 ಮಿಲಿಮೀಟರ್ ತಂತಿಯಲ್ಲಿ ಅದು ಶೇಕಡಾ 1. ಆದರೆ C ಶೇಕಡಾ 4 ತಪ್ಪುತ್ತದೆ. ತಂತಿ ಎಲ್ಲ ಕಡೆ ಒಂದೇ ದಪ್ಪವಿರುವುದೂ ಅಪರೂಪ. ಹೀಗಾಗಿ ಬುದ್ಧಿವಂತರು C ಲೆಕ್ಕ ಹಾಕುವ ಗೋಜಿಗೇ ಹೋಗುವುದಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಚೆನ್ನಾಗಿ ಪರಿಚಯವಿರುವ ಉಪಾಯ ಇದು: ಒಂದೇ ತಂತಿ, ಒಂದೇ ಉದ್ದ ಇರುವಾಗ I/T² ಎಂಬ ಭಾಗಲಬ್ಧ ಬದಲಾಗದು. ಮೇಲಿನ ತಟ್ಟೆಗೆ ಅದು 0.01ನ್ನು 5.01ರ ವರ್ಗದಿಂದ ಭಾಗಿಸಿದಷ್ಟು, ಸುಮಾರು 0.000398. ಅದೇ ತಟ್ಟೆಯನ್ನು ಅಂಚಿನಿಂದ ನೇರವಾಗಿ ನೇತುಹಾಕಿ ವ್ಯಾಸದ ಸುತ್ತ ತಿರುಗುವಂತೆ ಮಾಡಿದರೆ I ಅರ್ಧಕ್ಕಿಳಿದು 0.005 ಆಗುತ್ತದೆ, ಅವಧಿ 3.54 ಸೆಕೆಂಡ್, ಭಾಗಲಬ್ಧ ಮತ್ತೆ 0.000398ರ ಆಸುಪಾಸು. ಈ ಎರಡೂ ಹೊಂದಿದವೆಂದರೆ ತಂತಿಯನ್ನು ನಂಬಬಹುದು. ಈಗ ಯಾವ ಸೂತ್ರಕ್ಕೂ ಸಿಗದ ವಕ್ರ ಆಕಾರದ ವಸ್ತುವೊಂದನ್ನು ಅದೇ ತಂತಿಗೆ ಕಟ್ಟಿ, ಅವಧಿ 6.2 ಸೆಕೆಂಡ್ ಬಂತೆನ್ನೋಣ. ಅದರ ವರ್ಗ 38.4. 0.000398ರಿಂದ ಗುಣಿಸಿದರೆ ವಸ್ತುವಿನ ಜಡತ್ವ ಮಹತ್ವ 0.0153. ತಂತಿಯ ದಪ್ಪವನ್ನು ಯಾರೂ ಅಳೆದಿಲ್ಲ.

ಭಾಗಲಬ್ಧಗಳು ಹೊಂದದಿದ್ದರೆ ಮೊದಲು ನೋಡಬೇಕಾದದ್ದು ತಂತಿ ಹಿಡಿದ ಚಕ್ಕು. ತಿರುಪು ಸಡಿಲವಿದ್ದರೆ ತಂತಿ ಹಿಡಿತದೊಳಗೆ ಜಾರುತ್ತದೆ. ತೂಗಾಟ ನಿಂತ ಮೇಲೆ ತಟ್ಟೆಯ ಗುರುತು ಮೊದಲಿನ ಜಾಗಕ್ಕೆ ಮರಳದಿರುವುದೇ ಅದರ ಸುಳಿವು. ತಂತಿಯಲ್ಲಿ ಗಂಟು ಅಥವಾ ಮಡಿಕೆ ಇದ್ದರೆ ಅಲ್ಲಿ ಬಿಗಿತ ಬೇರೆ. ತಟ್ಟೆ ತಿರುಗುವ ಜೊತೆಗೆ ಅತ್ತಿತ್ತ ತೂಗಲೂ ತೊಡಗಿದರೆ ಎರಡು ಲೋಲಕಗಳು ಒಂದರಲ್ಲಿ ಬೆರೆತಂತೆ. ಕೈಯಿಂದ ತಡೆದು ನಿಲ್ಲಿಸಿ ಮತ್ತೆ ಬಿಡುವುದೊಂದೇ ದಾರಿ.

ಈ ಸೂತ್ರವನ್ನು ತಿರುಗುಮುರುಗಾಗಿ, ಎಂದರೆ ಗೊತ್ತಿರುವ I ಮತ್ತು T ಇಂದ C ಕಂಡುಕೊಳ್ಳಲು, ಬಳಸಿದ ಅತಿ ಪ್ರಸಿದ್ಧ ಪ್ರಯೋಗ 1798ರಲ್ಲಿ ಪ್ರಕಟವಾಯಿತು. ಸಾಧನವನ್ನು ಮೊದಲು ಯೋಚಿಸಿದವನು ಜಾನ್ ಮಿಚೆಲ್. ಅವನು ತೀರಿಕೊಂಡ ಮೇಲೆ ಅದು ಲಂಡನ್ನಿನ ಹೆನ್ರಿ ಕ್ಯಾವೆಂಡಿಶ್‌ನ ಕೈಗೆ ಬಂತು. ಆರಡಿಯ ಮರದ ತೋಳು, ಅದರ ಎರಡು ತುದಿಗೆ ಸುಮಾರು 0.73 ಕೆಜಿಯ ಸೀಸದ ಗುಂಡುಗಳು, ನಡುವೆ ತಂತಿ. ಹೊರಗಿನಿಂದ 158 ಕೆಜಿಯ ಎರಡು ದೊಡ್ಡ ಗೋಳಗಳನ್ನು ಹತ್ತಿರ ತಂದರೆ ಅವುಗಳ ಸೆಳೆತಕ್ಕೆ ತೋಳು ಎಷ್ಟು ತಿರುಗುತ್ತದೆ ಎಂದು ನೋಡುವುದು ಕೆಲಸ. ಆದರೆ ತಿರುಗಿದ ಕೋನವನ್ನು ಬಲವಾಗಿ ಬದಲಿಸಲು ತಂತಿಯ C ಬೇಕು. ಅಷ್ಟು ಮೆತ್ತನೆಯ ತಂತಿಗೆ ತೂಕ ಕಟ್ಟಿ ಅಳೆಯಲಾಗದು. ಕ್ಯಾವೆಂಡಿಶ್ ತೋಳನ್ನು ತೂಗಬಿಟ್ಟು ಹೊತ್ತು ನೋಡಿದ. ಗುಂಡುಗಳು ನಡುವಿನಿಂದ 0.93 ಮೀಟರ್ ದೂರದಲ್ಲಿದ್ದವು, ತೋಳಿನ ತೂಕ ಬಿಟ್ಟರೆ I ಎಂದರೆ 2 × 0.73 × 0.93², ಸುಮಾರು 1.26.

ಅವನ ಬರಹದಲ್ಲಿ ಒಂದು ಆಂದೋಲನಕ್ಕೆ ಸುಮಾರು 7 ನಿಮಿಷ ಎಂದಿದೆ. ಓದುವವರು ಇಲ್ಲಿ ಎಡವುವುದುಂಟು. ಆ ಕಾಲದವರು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿದರೆ ಅದನ್ನೇ ಒಂದು ಆಂದೋಲನವೆಂದು ಎಣಿಸುತ್ತಿದ್ದರು. ಹೋಗಿ ಬರುವ ಇಂದಿನ ಲೆಕ್ಕದಲ್ಲಿ T ಸುಮಾರು 14 ನಿಮಿಷ, 840 ಸೆಕೆಂಡ್. ಆಗ C = 4π²I/T² ಸುಮಾರು 0.00007. ತೋಳನ್ನು ಒಂದು ಡಿಗ್ರಿ ತಿರುಗಿಸಲು ಒಂದು ಮೀಟರ್ ದೂರದಲ್ಲಿ ಮಿಲಿಗ್ರಾಂನ ಎಂಟನೇ ಒಂದು ಭಾಗದ ತೂಕ ಸಾಕೆಂದು ಇದರ ಅರ್ಥ. ಗೋಳ ಮತ್ತು ಗುಂಡಿನ ಕೇಂದ್ರಗಳ ನಡುವೆ ಸುಮಾರು 22.5 ಸೆಂಟಿಮೀಟರ್ ಇದ್ದಾಗ, ಇಂದು ಗೊತ್ತಿರುವ ಗುರುತ್ವ ಸ್ಥಿರಾಂಕ ಹಾಕಿ ಲೆಕ್ಕ ಮಾಡಿದರೆ ತೋಳಿನ ತುದಿ 4 ಮಿಲಿಮೀಟರಿಗಿಂತ ತುಸು ಕಡಿಮೆ ಸರಿಯಬೇಕು. ಅಂಗುಲದ ಇಪ್ಪತ್ತನೇ ಒಂದು ಭಾಗಗಳಾಗಿ ಗೀರಿದ ಅಳತೆಪಟ್ಟಿಯಲ್ಲಿ ಕ್ಯಾವೆಂಡಿಶ್ ಕಂಡದ್ದು ಸುಮಾರು 3 ಗೀರು, ಬಹುತೇಕ ಅಷ್ಟೇ ದೂರ. ಗುಂಡುಗಳ ಮೇಲಿನ ಸೆಳೆತವನ್ನು ಭೂಮಿಯ ಸೆಳೆತದೊಡನೆ ಹೋಲಿಸಿ, ಭೂಮಿಯ ಸಾಂದ್ರತೆ ನೀರಿನ 5.48 ಪಟ್ಟು ಎಂದು ಅವನು ಹೇಳಿದ. ಇಂದಿನ ಅಂಕಿ 5.51.

ಮೊದಲು ಅವನು ಕಟ್ಟಿದ್ದು ಇನ್ನೂ ಮೆತ್ತನೆಯ ತಂತಿ. ಅದರಲ್ಲಿ ತೋಳು ಒಂದು ತುದಿಯಿಂದ ಇನ್ನೊಂದಕ್ಕೆ ಸರಿಯಲು ಸುಮಾರು 15 ನಿಮಿಷ ತೆಗೆದುಕೊಳ್ಳುತ್ತಿತ್ತು. ಗೋಳಗಳನ್ನು ಹತ್ತಿರ ತಂದರೆ ತೋಳು ಪೆಟ್ಟಿಗೆಯ ಬದಿಗೆ ತಗಲುವಷ್ಟು ದೂರ ಸರಿಯುತ್ತಿದ್ದುದರಿಂದ ತಂತಿ ಬದಲಿಸಬೇಕಾಯಿತು. 15ನ್ನು 7ರಿಂದ ಭಾಗಿಸಿ ವರ್ಗ ಮಾಡಿದರೆ 4.6. ಹೊಸ ತಂತಿಯ ಪಟ್ಟು ಹಳೆಯದರ ಅಷ್ಟು ಪಟ್ಟು. ಹಳೆಯ ತಂತಿಯಲ್ಲಿ ತೋಳು ಸರಿದದ್ದು ಸುಮಾರು 14 ಗೀರು, ಹೊಸದರಲ್ಲಿ 3.